‘ಗ್ಯಾಸ್’ ಅಂದವರ ಇಸಿಜಿಯಲ್ಲಿ ನಾನು ಮೊದಲು ನೋಡೋದು ಎವಿಎಲ್

ಗಂಗಾವತಿಯಲ್ಲಿ ಇಸಿಜಿ ತೆಗೆಯೋಕೆ ಕೂತು ಹದಿನಾಲ್ಕು ವರ್ಷ ಆಗಿರಬೇಕು. ಶುರುವಿನಲ್ಲಿ, ಎದೆ ಉರಿ ಅಂತ ಬಂದ ಹೆಂಗಸೊಬ್ಬರನ್ನು ಮಷೀನು ‘ನಾರ್ಮಲ್’ ಅಂತ ಅಚ್ಚು ಹಾಕಿದ್ದು ನೋಡಿ ಮನೆಗೆ ಕಳಿಸಿದೆವು. ಅವತ್ತೇ ರಾತ್ರಿ ತೀರಿಕೊಂಡರು. ಆ ಪಟ್ಟಿಯ ಜೆರಾಕ್ಸ್ ಇಟ್ಟುಕೊಂಡಿದ್ದೆ. ಮುಂದೆ ಕಲಿತ ಮೇಲೆ ತೆಗೆದು ನೋಡಿದರೆ ಹೃದಯವನ್ನು ಎಡ ಮೇಲ್ಬದಿಯಿಂದ ನೋಡುವ ಎವಿಎಲ್ ಗೆರೆಯಲ್ಲಿ, ಬಡಿತದ ಚೂಪಿನ ನಂತರದ ಎಸ್‌ಟಿ ಭಾಗ ಒಂದಿಷ್ಟು ಕುಸಿದಿತ್ತು, ಅದರ ಮುಂದಿನ ಟಿ ಅಲೆ ತಲೆಕೆಳಗಾಗಿತ್ತು. ಹೃದಯದ ಕೆಳಗೋಡೆಗೆ ಪೆಟ್ಟು ಬೀಳುವಾಗ ಆ ಗೋಡೆಯನ್ನು ನೋಡುವ 2, 3, ಎವಿಎಫ್ ಗೆರೆಗಳಲ್ಲಿ ಎಸ್‌ಟಿ ಏಳುವ ಮೊದಲೇ ಎದುರು ದಿಕ್ಕಿನ ಎವಿಎಲ್ ಹೀಗೆ ಬಾಗುವುದುಂಟು.

ಅಲ್ಲಿಂದ ಎವಿಎಲ್ ಬಾಗಿದ್ದರೆ ವೈರ್ ಬಿಚ್ಚೋದಿಲ್ಲ. ಕಾಲು ಗಂಟೆ ಬಿಟ್ಟು, ಅದೇ ಜಾಗಕ್ಕೆ ಹಚ್ಚಿ, ಇನ್ನೊಂದು ಪಟ್ಟಿ. ‘ಪೇಪರ್ ರೊಕ್ಕ ಯಾರು ಕೊಡ್ತಾರ?’ ಅಂತ ಮಾಲೀಕರು ರೇಗಿದ್ದರು. ಪಟ್ಟಿಗೆ ಹತ್ತೋ ಹನ್ನೆರಡೋ ರೂಪಾಯಿ, ಒಂದೆರಡು ತಿಂಗಳು ನನ್ನ ಸಂಬಳದಲ್ಲೇ ಹಿಡಿದರು.

ಆಮೇಲೆ ರೈಸ್ ಮಿಲ್ಲಿನ ಹಮಾಲರೊಬ್ಬರು ಬಂದರು, ಐವತ್ತರ ಆಸುಪಾಸು. ‘ಏನಿಲ್ರಿ, ಗ್ಯಾಸ್ ಆಗೈತಿ’ ಅಂದರು, ಅಂಗಿ ಮಾತ್ರ ಬೆವರಿಗೆ ತೊಯ್ದಿತ್ತು. ಒಂದು ಬಡಿತದ ಚೂಪಿನಿಂದ ಮುಂದಿನದಕ್ಕೆ, ಅಂದರೆ ಆರ್‌ನಿಂದ ಆರ್‌ಗೆ, ಏಳೂವರೆ ದೊಡ್ಡ ಚೌಕ. ನಿಮಿಷಕ್ಕೆ 300 ದೊಡ್ಡ ಚೌಕ ಓಡುತ್ತವೆ; 300 ಭಾಗಿಸು ಏಳೂವರೆ ಅಂದರೆ ನಿಮಿಷಕ್ಕೆ 40 ಬಡಿತ. ತಕ್ಷಣ ಪಟ್ಟಿಯ ಕೆಳಗೆ ಕಾಗದದ ವೇಗ ನೋಡಿದೆ. ಹಿಂದೊಮ್ಮೆ ಬಡಿತ ಜೋರಿರುವವರ ಚೂಪಿನ ಮುಂಚಿನ ಸಣ್ಣ ಪಿ ಅಲೆ ಬಿಡಿಸಿ ಕಾಣಲಿ ಅಂತ ವೇಗವನ್ನು ಸೆಕೆಂಡಿಗೆ 50 ಮಿಲಿಮೀಟರಿಗೆ ಇಟ್ಟು ಪ್ರಯೋಗ ಮಾಡಿ, ವಾಪಸ್ ತಿರುಗಿಸೋದು ಮರೆತು, 80 ಇದ್ದವರಿಗೆ 40 ಅಂತ ಬರೆದಿದ್ದೆ. ಈ ಸಲ 25ರಲ್ಲೇ ಇತ್ತು, ಕೈನಾಡಿಯೂ 40. ಕಾಗದದ ಅಂಚಿಗೆ ಮೂರು ಆರ್ ಗುರುತು ಹಾಕಿ ಮುಂದೆ ಸರಿಸಿದರೆ ಎಲ್ಲವೂ ಕೂಡಿದವು, ಪ್ರತಿ ಬಡಿತದ ಮುಂದೆ ಅಷ್ಟೇ ದೂರದಲ್ಲಿ ಒಂದೇ ಒಂದು ಪಿ. ಲಯ ಸಮ, ಸಂಕೇತ ನಡುವೆ ಕಡಿದು ಬಡಿತ ತಪ್ಪಿಸುವ ಬ್ಲಾಕ್ ಅಲ್ಲ. (ಲಯ ತಪ್ಪಿದ್ದರೆ ಈ ಭಾಗಾಕಾರ ನಡೆಯೋದಿಲ್ಲ; 30 ದೊಡ್ಡ ಚೌಕದೊಳಗಿನ ಬಡಿತ ಎಣಿಸಿ ಹತ್ತರಿಂದ ಗುಣಿಸುತ್ತೇನೆ.) 2, 3, ಎವಿಎಫ್ ಸರಿಯಿದ್ದವು, ಎವಿಎಲ್ ಮಾತ್ರ ಬಾಗಿತ್ತು.

ಎರಡನೇ ಪಟ್ಟಿಯಲ್ಲಿ ಮೂರೂ ಎದ್ದಿದ್ದವು, 2ಕ್ಕಿಂತ 3 ಎತ್ತರ. ಹಾಗಿದ್ದರೆ ಬಲ ಕುಹರದ ಮೇಲೂ ಅನುಮಾನ. ವಿ4 ಎಲೆಕ್ಟ್ರೋಡನ್ನು ಬಲಗಡೆ ಅದೇ ಮಟ್ಟಕ್ಕೆ ಹಚ್ಚಿದೆ: ಎಸ್‌ಟಿ ಒಂದು ಮಿಲಿಮೀಟರ್ ಮೇಲೆ. ಡಾಕ್ಟರ್ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಕೈಗೆತ್ತಿಕೊಂಡಿದ್ದರು. ಪಟ್ಟಿ ತೋರಿಸಿದೆ, ಕೆಳಗಿಟ್ಟರು. ಬಲ ಕುಹರ ಸೋತಾಗ ಆ ಗುಳಿಗೆಯಿಂದ ಬಿಪಿ ಧಡಕ್ಕನೆ ಬೀಳುತ್ತದೆ, ಅವರ ಬಿಪಿ ಆಗಲೇ 90. ಆಸ್ಪಿರಿನ್ ಅಗಿಸಿ, ಸಲೈನ್ ಹಚ್ಚಿ ಬಳ್ಳಾರಿಗೆ ಕಳಿಸಿದರು. ಬಲಗಡೆಯ ರಕ್ತನಾಳ ಕಟ್ಟಿತ್ತಂತೆ, ಸ್ಟೆಂಟ್ ಹಾಕಿದರು.

ಈಗ ಮಾಲೀಕರೇ ‘ಎರಡನೇದು ತೆಗೆದ್ಯಾ?’ ಅಂತ ಕೇಳುತ್ತಾರೆ.  ಎರಡನೇ ಪಟ್ಟಿಯೂ ಸರಿಯಿದ್ದು ನೋವು ನಿಲ್ಲದಿದ್ದರೆ ಮೂರನೆಯದು ತೆಗೆಯುತ್ತೇನೆ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೋನಿನ್ ಪರೀಕ್ಷೆಗೆ ರಕ್ತ ಕಳಿಸಿ ಅಂತ ಡಾಕ್ಟರಿಗೆ ಹೇಳುತ್ತೇನೆ, ಅಲ್ಲಿಯವರೆಗೆ ಮಂಚದಿಂದ ಇಳಿಯೋಕೆ ಬಿಡೋದಿಲ್ಲ.