ಅಟೆನ್ಷನ್ ಚಿತ್ರವನ್ನು ಕೆಳಗಿನಿಂದ ಓದಿದಾಗ

ಟ್ರಾನ್ಸ್‌ಫಾರ್ಮರ್ ಬಗ್ಗೆ 2017ರಲ್ಲಿ ಬಂದ ಮೂಲ ಪ್ರಬಂಧದಲ್ಲಿ ಅಟೆನ್ಷನ್‌ನ, ಅಂದರೆ ಒಂದು ಪದ ವಾಕ್ಯದ ಯಾವ ಪದಕ್ಕೆ ಎಷ್ಟು ಗಮನ ಕೊಡಬೇಕು ಎಂಬ ಲೆಕ್ಕದ, ಪುಟ್ಟ ಚಿತ್ರವೊಂದಿದೆ. ಒಂದರ ಮೇಲೊಂದು ಐದು ಚೌಕ, ಬುಡದಲ್ಲಿ Q, K, V ಎಂಬ ಮೂರು ಬಾಣ. ನಾನು ಅದನ್ನು ಮೇಲಿನಿಂದ ಓದಿ ಓದಿ ತಲೆ ಕೆಡಿಸಿಕೊಂಡಿದ್ದೆ. ಅದನ್ನು ಓದಬೇಕಾದ್ದು ಕೆಳಗಿನಿಂದ. ಬಾಣದ ತುದಿ ನೋಡಿದ್ದರೆ ಸಾಕಿತ್ತು!

ಇನ್ನೊಂದು ಗೊಂದಲ ಜಾಸ್ತಿ ದಿನ ಉಳಿಯಿತು. ಬಾಣ ಮೂರಿವೆ, ಅಂದಮೇಲೆ ಇನ್‌ಪುಟ್ಟೂ ಮೂರು ಎಂದುಕೊಂಡಿದ್ದೆ. ಸೆಲ್ಫ್ ಅಟೆನ್ಷನ್‌ನಲ್ಲಿ ಹಾಗಲ್ಲ. ಒಂದೇ ಪದದ ವೆಕ್ಟರನ್ನು ಮೂರು ಬೇರೆ ಬೇರೆ ಮ್ಯಾಟ್ರಿಕ್ಸ್‌ಗಳಿಂದ ಗುಣಿಸಿದಾಗ ಅದರ ಕ್ವೆರಿ, ಕೀ, ವ್ಯಾಲ್ಯೂ ಸಿಗುತ್ತವೆ. ತರಬೇತಿಯಲ್ಲಿ ಮಾಡೆಲ್ ಕಲಿಯುವುದು ಈ ಮ್ಯಾಟ್ರಿಕ್ಸ್‌ಗಳನ್ನು. ಈ ಗುಣಾಕಾರ ಐದು ಚೌಕಗಳಲ್ಲಿ ಇಲ್ಲ, ಪಕ್ಕದ ಚಿತ್ರದಲ್ಲಿ Linear ಎಂಬ ಹೆಸರಲ್ಲಿದೆ.

ಕೊನೆಗೆ ಪೆನ್ನು, ಹಾಳೆ ಹಿಡಿದು ಕೂತೆ. ವಾಕ್ಯ: "ಮಗು ಚೆಂಡು ಎಸೆಯಿತು". "ಎಸೆಯಿತು" ಎಂಬುದರ ಕ್ವೆರಿಯನ್ನು ಸುಮ್ನೆ [2, 0, 2, 0] ಎಂದು ಇಟ್ಟುಕೊಂಡೆ. ಕೀಗಳು ಕ್ರಮವಾಗಿ [1, 1, 1, 0], [0, 1, 0, 1], [1, 0, 0, 1]. ಒಂದೊಂದು ಕೀ ಜೊತೆ ಡಾಟ್ ಪ್ರಾಡಕ್ಟ್ ಮಾಡಿದರೆ 4, 0, 2 ಬಂತು. ಮೊದಲ ಚೌಕದ ಕೆಲಸ ಇಷ್ಟೇ.

ಮುಂದಿನದು Scale. ಕೀಯ ಉದ್ದ 4, ಅದರ ವರ್ಗಮೂಲ 2. ಭಾಗಿಸಿದರೆ 2, 0, 1. ಕೆಲವು ಪದಗಳನ್ನು ಮರೆಮಾಡುವ Mask ಇಲ್ಲಿ ಬೇಕಿಲ್ಲ. ಈ ಅಂಕಿಗಳನ್ನು ಮೊತ್ತ 1 ಆಗುವ ತೂಕಗಳಾಗಿಸುವ ಸಾಫ್ಟ್‌ಮ್ಯಾಕ್ಸ್ ಹಾಕಿದರೆ ಸುಮಾರು 0.67, 0.09, 0.24. ಭಾಗಿಸದೆ ಹಾಕಿ ನೋಡಿದೆ: 0.87, 0.02, 0.12. ಅಂದರೆ ಒಂದೇ ಪದ ಹೆಚ್ಚುಕಡಿಮೆ ಎಲ್ಲವನ್ನೂ ನುಂಗುತ್ತದೆ. ಕೀ 64 ಉದ್ದವಿದ್ದಾಗ ಇದು ಇನ್ನೂ ಜೋರು, ಗ್ರೇಡಿಯೆಂಟ್ ಸೊನ್ನೆಗೆ ಹತ್ತಿರವಾಗಿ ಕಲಿಕೆ ನಿಧಾನವಾಗುತ್ತದೆ. Scale ಚೌಕ ಯಾಕಿದೆ ಎಂದು ಗೊತ್ತಾಗಿದ್ದು ಆಗಲೇ.

V ಬಾಣ ಇಷ್ಟು ಹೊತ್ತು ಸುಮ್ಮನಿತ್ತು, ಗಮನಿಸಿದಿರಾ? ಅದು ಕೆಳಗಿನ ನಾಲ್ಕು ಚೌಕಗಳನ್ನು ಮುಟ್ಟದೆ ನೇರ ಕೊನೆಯದಕ್ಕೆ ಹೋಗುತ್ತದೆ. ಯಾರಿಂದ ಎಷ್ಟು ತಗೋಬೇಕು ಎಂದು Q, K ತೀರ್ಮಾನಿಸುತ್ತವೆ, ತಗೊಳ್ಳುವ ಸರಕು V. ಮೂರು ವ್ಯಾಲ್ಯೂಗಳನ್ನು ಆ ತೂಕಗಳಿಂದ ಗುಣಿಸಿ ಕೂಡಿದರೆ "ಎಸೆಯಿತು" ಎಂಬುದರ ಹೊಸ ವೆಕ್ಟರ್ ಸಿದ್ಧ.

ಕೋಡ್ ಮಾಡುವಾಗ ಮತ್ತೆ ಎಡವಿದೆ.

```python
scores = Q @ K.T / 2
w = torch.softmax(scores, dim=-1)
out = w @ V
```

ಮೊದಲು ನಾನು `dim=0` ಬರೆದಿದ್ದೆ. ಕೋಡ್ ಮೂರೂ ಪದಗಳ ಕ್ವೆರಿಗಳನ್ನು ಒಟ್ಟಿಗೆ ತಗೊಳ್ಳುತ್ತದೆ, ಪದಕ್ಕೊಂದು ಸಾಲು. ಟೇಬಲ್ 3×3 ಆದ್ದರಿಂದ ಎರರ್ ಬರಲಿಲ್ಲ, ಉತ್ತರ ಮಾತ್ರ ನನ್ನ ಹಾಳೆಗೆ ಹೊಂದಲಿಲ್ಲ. `w.sum(dim=-1)` ಪ್ರಿಂಟ್ ಮಾಡಿದಾಗ ಸಿಕ್ಕಿಬಿತ್ತು: ಪ್ರತಿ ಸಾಲಿನ ಮೊತ್ತ 1 ಬರಬೇಕಿತ್ತು, ಬರಲಿಲ್ಲ. ಇಡೀ ಟೇಬಲ್ ಕೂಡಿದ್ದರೆ ತಪ್ಪು ಕೋಡ್‌ನಲ್ಲೂ 3 ಬಂದು ಮೋಸಹೋಗುತ್ತಿದ್ದೆ. ಸಾಲು ಸಾಲಾಗಿಯೇ ಕೂಡಿ ನೋಡಬೇಕು.