ಸಿಪ್ಪೆ ಗರಿಗರಿ, ಒಳಗೆ ಹಿಟ್ಟಿನಂತೆ ಮೆದು: ಇಡೀ ಆಲೂಗಡ್ಡೆಯನ್ನು ಓವನ್‌ನಲ್ಲಿ ಬೇಯಿಸುವುದು ಹೇಗೆ?

ಗೊಜ್ಜಿಗೆಂದು ಬದನೆಕಾಯಿ ಸುಡುವ ಮುನ್ನ ಚಾಕುವಿನ ತುದಿಯಿಂದ ನಾಲ್ಕು ಕಡೆ ಚುಚ್ಚುತ್ತೇವೆ ಅಲ್ವಾ? ಇಲ್ಲದಿದ್ದರೆ ಒಳಗಿನ ಹಬೆಗೆ ದಾರಿ ಸಿಗದೆ ಕಾಯಿ ಒಡೆಯುತ್ತದೆ. ಇಡೀ ಆಲೂಗಡ್ಡೆಯನ್ನು ಸಿಪ್ಪೆಸಮೇತ ಓವನ್‌ನಲ್ಲಿ ಬೇಯಿಸುವಾಗಲೂ ಗಮನ ಇರಬೇಕಾದದ್ದು ಈ ಹಬೆಯ ಮೇಲೆಯೇ. ಆಲೂಗಡ್ಡೆಯ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಅದರಲ್ಲಿ ಒಂದಿಷ್ಟು ಹೊರಗೆ ಹೋದರೆ ಸಿಪ್ಪೆ ಗರಿಗರಿ, ಒಳಗೆ ಮೆದು. ಅಲ್ಲೇ ಉಳಿದರೆ ಸಿಪ್ಪೆ ತೊಗಲಿನಂತೆ, ಒಳಗೆ ಅಂಟಂಟು.

ಮೊದಲು ಗಡ್ಡೆಯ ಆಯ್ಕೆ. ಇಲ್ಲಿ ತಪ್ಪಿದರೆ ಓವನ್ ಏನೂ ಮಾಡಲಾರದು. ಹಿಟ್ಟಿನಂಶ ಜಾಸ್ತಿ ಇರುವ ಗಡ್ಡೆ ಬೆಂದಾಗ ಅದರ ಕಣಗಳು ಉಬ್ಬಿ ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ. ಅದಕ್ಕೇ ಅದು ಉದುರುದುರಾಗುತ್ತದೆ. ಹಿಟ್ಟಿನಂಶ ಕಡಿಮೆ ಇರುವ ಗಡ್ಡೆ ಸಾಂಬಾರಿನಲ್ಲಿ ಹೋಳು ಕರಗದೆ ನಿಲ್ಲಲು ಚೆನ್ನ, ಈ ಕೆಲಸಕ್ಕೆ ಅಲ್ಲ. ಆಗಷ್ಟೇ ಕಿತ್ತು ತಂದ, ಉಜ್ಜಿದರೆ ಸಿಪ್ಪೆ ಸುಲಿಯುವ ಎಳೆ ಗಡ್ಡೆಯಲ್ಲೂ ನೀರು ಜಾಸ್ತಿ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿ ಚೆನ್ನಾಗಿ ಬಲಿತಿದ್ದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ಚಿಪ್ಸ್‌ಗೆಂದೇ ಬೆಳೆಸುವ ಚಿಪ್ಸೋನಾ ತಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ತಳಿಯ ಹೆಸರು ಹೇಳುವವರು ಕಡಿಮೆ. ಮನೆಯಲ್ಲೇ ನೋಡಿಕೊಳ್ಳುವ ಒಂದು ದಾರಿ ಇದೆ. 11 ಲೋಟ ನೀರಿಗೆ ಅದೇ ಲೋಟದಲ್ಲಿ ಒಂದು ಲೋಟ ಪುಡಿ ಉಪ್ಪು ಕರಗಿಸಿ. ಗಡ್ಡೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಹಿಟ್ಟಿನಂಶ ಜಾಸ್ತಿ, ಓವನ್‌ಗೆ ಇಡಿ. ತೇಲಿದರೆ ಪಲ್ಯಕ್ಕೆ ಎತ್ತಿಡಿ.

ಸಿಪ್ಪೆಯನ್ನೂ ತಿನ್ನುವುದರಿಂದ ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಡವೇ ಬೇಡ. ಫ್ರಿಜ್‌ನಲ್ಲಿಟ್ಟ ಗಡ್ಡೆಯೂ ಬೇಡ. ತಣ್ಣಗಿನ ಜಾಗದಲ್ಲಿ ಅದರ ಹಿಟ್ಟು ಸಕ್ಕರೆಯಾಗುತ್ತದೆ. ರುಚಿ ಸಿಹಿಯಾಗುತ್ತದೆ, ಸಿಪ್ಪೆ ಬೇಗ ಕಪ್ಪಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ. ಒಂದೇ ಗಾತ್ರದ ನಾಲ್ಕು ಗಡ್ಡೆ, ಒಂದೊಂದೂ ಸುಮಾರು 200 ಗ್ರಾಂ. ಗಾತ್ರ ಹೆಚ್ಚುಕಡಿಮೆ ಇದ್ದರೆ ಸಣ್ಣದು ಒಣಗುವ ಹೊತ್ತಿಗೆ ದೊಡ್ಡದು ಇನ್ನೂ ಅರೆಬೆಂದಿರುತ್ತದೆ. ಮಣ್ಣು ಹೋಗುವಂತೆ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಫ್ಯಾನಿನ ಕೆಳಗೆ ಹರಡಿ. ಸಿಪ್ಪೆ ಒದ್ದೆ ಇದ್ದರೆ ಓವನ್‌ನ ಮೊದಲ ಬಿಸಿಯೆಲ್ಲ ಆ ನೀರನ್ನು ಆರಿಸುವುದಕ್ಕೇ ಖರ್ಚಾಗುತ್ತದೆ. ಈ ಹೊತ್ತಿನಲ್ಲಿ ಓವನ್ ಅನ್ನು 220 ಡಿಗ್ರಿಗೆ ಇಟ್ಟು 15 ನಿಮಿಷ ಕಾಯಿಸಿ. ಓಟಿಜಿ ಆದರೆ ಮೇಲಿನ, ಕೆಳಗಿನ ಎರಡೂ ಕಡ್ಡಿ ಉರಿಯಲಿ. ಗಾಳಿ ಬೀಸುವ ಫ್ಯಾನ್ ಹಾಕುವುದಾದರೆ 200 ಡಿಗ್ರಿ ಸಾಕು.

ಇನ್ನು ಚುಚ್ಚುವುದು. ಫೋರ್ಕ್ ತೆಗೆದುಕೊಂಡು ಸುತ್ತ ಆರು ಕಡೆ, ಅರ್ಧ ಇಂಚು ಆಳಕ್ಕೆ ಚುಚ್ಚಿ. ಚುಚ್ಚಿದರೆ ಬೇಗ ಬೇಯುತ್ತದೆ, ಒಳಗೆ ಮೆದು ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಹಾಗಲ್ಲ. ಅಷ್ಟು ಸಣ್ಣ ತೂತುಗಳಿಂದ ಹೊರಬರುವ ಹಬೆ ಸ್ವಲ್ಪವೇ. ತೂತು ಇರುವುದು ಗಡ್ಡೆ ಸಿಡಿಯದಿರಲಿ ಎಂದು, ಅಷ್ಟೇ. ಚುಚ್ಚದೆ ಇಟ್ಟರೂ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಒಮ್ಮೆ ನಾನು ಮರೆತಿದ್ದೆ, ಮೂರು ಚೆನ್ನಾಗಿ ಬೆಂದವು, ನಾಲ್ಕನೆಯದು ಸಿಡಿಯಿತು. ಓವನ್‌ನ ಗೋಡೆಗೆ ಅಂಟಿ ಸೀದ ಹಿಟ್ಟನ್ನು ಕೆರೆಯಲು ಒಂದು ಮಧ್ಯಾಹ್ನ ಹಿಡಿಯಿತು. ಅಂದಿನಿಂದ ಚುಚ್ಚುವುದನ್ನು ಬಿಟ್ಟಿಲ್ಲ.

ಗಡ್ಡೆಗಳನ್ನು ಟ್ರೇ ಮೇಲೆ ಬೇಡ, ಜಾಲರಿಯ ಮೇಲೆ ನೇರವಾಗಿ, ಒಂದಕ್ಕೊಂದು ತಾಗದಂತೆ ಇಡಿ. ಬಿಸಿಗಾಳಿ ಸುತ್ತಲೂ ಹರಿಯಬೇಕು. ಟ್ರೇಗೆ ತಾಗಿದ ಜಾಗ ಬೆವರಿ ಮೆತ್ತಗಾಗುತ್ತದೆ. ಫಾಯಿಲ್ ಸುತ್ತಲೇಬೇಡಿ. ಸುತ್ತಿದರೆ ಹಬೆ ಒಳಗೇ ಸುತ್ತುತ್ತದೆ, ಅದು ಕುಕ್ಕರ್‌ನಲ್ಲಿ ಬೇಯಿಸಿದಂತೆಯೇ ಆಯಿತು. ಇನ್ನೂ ದೊಡ್ಡ ಕಾರಣವಿದೆ. ಫಾಯಿಲ್ ಸಮೇತ ಹೊರಗೇ ಬಿಟ್ಟ ಬೆಂದ ಗಡ್ಡೆಯೊಳಗೆ ಗಾಳಿ ಆಡುವುದಿಲ್ಲ. ಬೊಟ್ಯುಲಿಸಂ ಎಂಬ, ಜೀವಕ್ಕೇ ಎರವಾಗಬಲ್ಲ ಕಾಯಿಲೆ ತರುವ ಸೂಕ್ಷ್ಮಜೀವಿ ಅಲ್ಲಿ ಬೆಳೆಯಬಹುದು. 1994ರಲ್ಲಿ ಅಮೆರಿಕದ ಎಲ್ ಪಾಸೊ ನಗರದಲ್ಲಿ ಹಾಗೆ ಇಟ್ಟ ಗಡ್ಡೆಯಿಂದ ಮಾಡಿದ ತಿನಿಸನ್ನು ತಿಂದು 30 ಮಂದಿ ಕಾಯಿಲೆ ಬಿದ್ದರು. ತಿಂದು ಉಳಿದ ಬೆಂದ ಗಡ್ಡೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಎಣ್ಣೆಯನ್ನು ಮೊದಲೇ ಸವರುವುದು ರೂಢಿ. ನನ್ನ ಅನುಭವದಲ್ಲಿ ಕೊನೆಗೆ ಸವರಿದರೇ ಚೆನ್ನ. ಮೊದಲೇ ಸವರಿದರೆ ಸಿಪ್ಪೆ ಒಣಗುವುದು ನಿಧಾನವಾಗುತ್ತದೆ. ಆದ್ದರಿಂದ ಗಡ್ಡೆಯನ್ನು ಬರಿದಾಗಿಯೇ ಒಳಗಿಡಿ. ಅರ್ಧ ಗಂಟೆಗೆ ಒಮ್ಮೆ ಮಗುಚಿ. 50ನೇ ನಿಮಿಷಕ್ಕೆ ಹೊರತೆಗೆದು, ನಾಲ್ಕಕ್ಕೂ ಸೇರಿ ಒಂದು ದೊಡ್ಡ ಚಮಚ ಎಣ್ಣೆಯನ್ನು ಸವರಿ. ಚಿಟಿಕೆ ಉಪ್ಪು ಉದುರಿಸಿ. ಮತ್ತೆ 10 ನಿಮಿಷ ಒಳಗಿಡಿ. ಒಣಗಿದ ಸಿಪ್ಪೆ ಈ ಎಣ್ಣೆಯಲ್ಲಿ ಹೊರಮೈ ಹುರಿದಂತಾಗಿ ಗರಿಯಾಗುತ್ತದೆ.

200 ಗ್ರಾಂ ಗಡ್ಡೆಗೆ ಒಟ್ಟು ಒಂದು ಗಂಟೆ ಬೇಕು. 150 ಗ್ರಾಂನದು ಮುಕ್ಕಾಲು ಗಂಟೆಯ ಆಸುಪಾಸು, 300 ಗ್ರಾಂನದು ಒಂದೂಕಾಲು ಗಂಟೆ. ಅದಕ್ಕೆ ತಕ್ಕಂತೆ ಎಣ್ಣೆಯನ್ನು ಕೊನೆಯ 10 ನಿಮಿಷಕ್ಕೆ ಉಳಿಸಿಕೊಳ್ಳಿ. ಆದರೆ ಓಟಿಜಿಯ ತಿರುಗಣೆ ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ ವ್ಯತ್ಯಾಸ ಇರುವುದುಂಟು. ಗಡಿಯಾರಕ್ಕಿಂತ ಗಡ್ಡೆಯನ್ನು ನಂಬಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿಗೆ ಚುಚ್ಚಿ, 96ರಿಂದ 98 ಡಿಗ್ರಿ ತೋರಿಸಬೇಕು. 90ಕ್ಕೆ ತೆಗೆದರೂ ತಿನ್ನಬಹುದು, ಆದರೆ ನಡುವೆ ಗಟ್ಟಿ ಗಟ್ಟಿ ಸಿಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು ಒತ್ತಿ. ಸುಲಭವಾಗಿ ಅದುಮಿದರೆ, ಕಬ್ಬಿಣದ ಕಡ್ಡಿ ನಡುವಿನವರೆಗೂ ತಡೆಯಿಲ್ಲದೆ ಇಳಿದರೆ ಆಯಿತು.

180 ಡಿಗ್ರಿಯಲ್ಲಿ ಮಾಡಿದರೆ ಒಂದೂವರೆ ಗಂಟೆ ಹತ್ತಿರ ಬೇಕು, ಸಿಪ್ಪೆ ಗರಿಯಾಗುವ ಬದಲು ಅಗಿಯುವಂತಾಗುತ್ತದೆ. 250ಕ್ಕೆ ಇಟ್ಟರೆ ಸಿಪ್ಪೆಯ ಕೆಳಗೆ ಕಂದು ಪದರ ಕಟ್ಟಿ ಗಟ್ಟಿಯಾಗುತ್ತದೆ, ನಡುವೆ ಹಸಿ ಉಳಿಯುತ್ತದೆ.

ಓವನ್‌ನಿಂದ ತೆಗೆದ ಮೇಲೆ ತಡ ಮಾಡಬೇಡಿ. ಮೇಲ್ಭಾಗದಲ್ಲಿ ಅಡ್ಡ ಉದ್ದ ಕೂಡಿಸುವ ಗುರುತಿನಂತೆ ಕೊಯ್ದು, ಬಟ್ಟೆ ಹಿಡಿದು ಎರಡೂ ಬದಿಯಿಂದ ಒಳಗೆ ಒತ್ತಿ. ಗಡ್ಡೆ ಹೂವಿನಂತೆ ಬಿರಿಯುತ್ತದೆ, ಹಬೆ ಭುಸ್ಸೆಂದು ಮೇಲೇಳುತ್ತದೆ. ಕೈಯನ್ನು ಪಕ್ಕಕ್ಕಿಟ್ಟುಕೊಳ್ಳಿ. ಆರು ತೂತುಗಳು ಮಾಡಲಾಗದ ಕೆಲಸ ಇದು. ಐದು ನಿಮಿಷ ಮುಚ್ಚಿಟ್ಟರೂ ಆ ಹಬೆ ಒಳಗೇ ನೀರಾಗಿ, ಉದುರುದುರಾಗಿದ್ದದ್ದು ಮುದ್ದೆಯಾಗುತ್ತದೆ, ಸಿಪ್ಪೆಯೂ ಬಾಡುತ್ತದೆ. ಊಟಕ್ಕೆ ಎಲ್ಲರೂ ಕೂತ ಮೇಲೆಯೇ ನಾನು ಹೊರತೆಗೆಯುತ್ತೇನೆ.

ಫೋರ್ಕ್‌ನಿಂದ ಒಳಗನ್ನು ಸ್ವಲ್ಪ ಕೆದಕಿ, ಉಪ್ಪು ಹಾಕಿ, ಬೆಣ್ಣೆ ಇಡಿ. ಬೆಣ್ಣೆ ಕರಗಿ ಇಳಿದ ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿದರೆ ನಮ್ಮ ಮನೆಯಲ್ಲಿ ಸಿಪ್ಪೆಯ ಚೂರೂ ತಟ್ಟೆಯಲ್ಲಿ ಉಳಿಯುವುದಿಲ್ಲ.