‘ಔಟ್‌ಸ್ಟ್ಯಾಂಡಿಂಗ್ ಕಳಿಸಿ’ ಅಂದಾಗ ನಾನು ಏನು ಕೇಳುತ್ತೇನೆ

ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಆಫೀಸಿನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಮ್ಯಾನೇಜರ್ ಕೆಲಸ ಹೇಳುವುದು ನಡೆದಾಡುತ್ತಲೇ. ‘ಪಾರ್ಟಿಗಳ ಔಟ್‌ಸ್ಟ್ಯಾಂಡಿಂಗ್ ಒಂದ್ಸಲ ತೆಗೆದು ಕಳಿಸಿಬಿಡಿ’ ಅನ್ನುತ್ತಾರೆ, ಅಷ್ಟರಲ್ಲಿ ಫೋನ್ ಬರುತ್ತದೆ, ಹೊರಟುಹೋಗುತ್ತಾರೆ.

ಅಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿಯ ಲಿಸ್ಟ್. ಕೇಳಲು ಸುಲಭವಾದ ಕೆಲಸ. ಆದರೆ ಬಾಕಿಯ ದಿನಗಳನ್ನು ಯಾವಾಗಿನಿಂದ ಎಣಿಸಬೇಕು ಅನ್ನುವುದರಲ್ಲೇ ಲಿಸ್ಟ್ ಬೇರೆಯಾಗುತ್ತದೆ. ಒಂದು ಪಾರ್ಟಿಗೆ ಜೂನ್ 10ಕ್ಕೆ 1,80,000 ರೂಪಾಯಿ ಬಿಲ್ ಆಗಿದೆ, 60 ದಿನದ ಕ್ರೆಡಿಟ್ ಇದೆ ಅಂದುಕೊಳ್ಳಿ. ಆಗಸ್ಟ್ 31ಕ್ಕೆ ಲಿಸ್ಟ್ ತೆಗೆದರೆ, ಬಿಲ್ ತಾರೀಖಿನಿಂದ 82 ದಿನ. ಅದು 61ರಿಂದ 90 ದಿನದ ಕಾಲಮ್ಮಿಗೆ ಹೋಗುತ್ತದೆ. ಆದರೆ ದುಡ್ಡು ಕೊಡಬೇಕಾದ ಗಡುವು ಆಗಸ್ಟ್ 9. ಅಲ್ಲಿಂದ ಎಣಿಸಿದರೆ ಬರೀ 22 ದಿನ ತಡ. ಒಂದು ಲಿಸ್ಟಿನಲ್ಲಿ ಹಳೇ ಬಾಕಿದಾರ, ಇನ್ನೊಂದರಲ್ಲಿ ಸ್ವಲ್ಪ ತಡ ಮಾಡಿದವನು, ಅಷ್ಟೇ. ನಮ್ಮ ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎರಡೂ ಥರ ತೆಗೆಯಬಹುದು, ಯಾವುದು ಬೇಕು ಅಂತ ಟ್ಯಾಲಿ ಹೇಳುವುದಿಲ್ಲ.

ಹಾಗಂತ ‘ಸರ್, ಯಾವ ಔಟ್‌ಸ್ಟ್ಯಾಂಡಿಂಗ್? ಹೇಗೆ ಮಾಡಲಿ?’ ಅಂತ ಬರಿಗೈಯಲ್ಲಿ ಕೇಳಿದರೆ, ಇವರಿಗೆ ಇಷ್ಟೂ ಗೊತ್ತಿಲ್ವಾ ಅನ್ನಿಸುತ್ತದೆ. ಆ ಪ್ರಶ್ನೆಯಲ್ಲಿ ಯೋಚಿಸುವ ಕೆಲಸವೆಲ್ಲ ಅವರ ತಲೆಗೇ ಬೀಳುತ್ತದೆ. ಹಾಗಾಗಿ ಮೊದಲು ಟ್ಯಾಲಿ ತೆರೆದು ನೋಡುತ್ತೇನೆ. ಎಲ್ಲಿ ಎರಡು ದಾರಿ ಇದೆ ಅಂತ ಗೊತ್ತಾದ ಮೇಲಷ್ಟೇ ಹೋಗುತ್ತೇನೆ.

ಹೋದಾಗ ಮೊದಲು ಕೇಳುವುದು ಒಂದೇ: ‘ಸರ್, ಇದು ಬ್ಯಾಂಕಿಗಾ, ನಮ್ಮ ಸೇಲ್ಸ್ ಹುಡುಗರಿಗಾ?’ ಇದರಲ್ಲೇ ಮುಕ್ಕಾಲು ಉತ್ತರ ಸಿಕ್ಕಿಬಿಡುತ್ತದೆ. ಬ್ಯಾಂಕಿಗಾದರೆ ಸ್ಟಾಕ್ ಸ್ಟೇಟ್‌ಮೆಂಟ್ ಜೊತೆ ಹೋಗುವ ಲಿಸ್ಟ್. ಅಲ್ಲಿ ಸಾಮಾನ್ಯವಾಗಿ ಬಿಲ್ ತಾರೀಖೇ ಲೆಕ್ಕ, 90 ದಿನ ದಾಟಿದ ಬಾಕಿಯನ್ನು ಹೆಚ್ಚಿನ ಕಡೆ ಸಾಲದ ಲಿಮಿಟ್ಟಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೇಲ್ಸ್‌ನವರಿಗಾದರೆ ಗಡುವು ಮುಖ್ಯ. ಗಡುವು ಮುಗಿಯದ ಪಾರ್ಟಿಗೆ ಫೋನ್ ಮಾಡಿ ದುಡ್ಡು ಕೇಳಿದರೆ ಅವರು ಬೇಜಾರಾಗುತ್ತಾರೆ. ಇವರಿಗೆ ಲಿಸ್ಟ್ ಏರಿಯಾವಾರು ಇರಬೇಕು, ಫೋನ್ ನಂಬರೂ ಬೇಕು.

ಎರಡನೆಯದು ಆನ್ ಅಕೌಂಟ್ ಬಂದ ದುಡ್ಡು. ಪಾರ್ಟಿ 50,000 ಹಾಕಿರುತ್ತಾರೆ, ಯಾವ ಬಿಲ್ಲಿಗೆ ಅಂತ ಹೇಳಿರುವುದಿಲ್ಲ. ಹಳೇ ಬಿಲ್ಲಿಗೆ ಕಳೆಯಬೇಕಾ, ಬೇರೆ ತೋರಿಸಬೇಕಾ? ಇದನ್ನು ಕೇಳಿದಾಗ ನಮ್ಮ ಮ್ಯಾನೇಜರ್ ಕುರ್ಚಿ ತಿರುಗಿಸಿ ಕೂರುತ್ತಾರೆ. ಲೆಡ್ಜರ್ ತೆರೆದು ನೋಡಿದವರಿಗೆ ಮಾತ್ರ ಬರುವ ಪ್ರಶ್ನೆ ಅದು, ದಡ್ಡರು ಕೇಳುವುದಲ್ಲ ಅಂತ ಅವರಿಗೂ ಗೊತ್ತು.

ಅವರು ಆಫೀಸಿನಲ್ಲಿ ಇಲ್ಲದಿದ್ದರೆ ವಾಟ್ಸಾಪ್ ಹಾಕುತ್ತೇನೆ. ಹೀಗೆ:

‘ಸರ್, ಔಟ್‌ಸ್ಟ್ಯಾಂಡಿಂಗ್ ಲಿಸ್ಟ್ ಆಗಸ್ಟ್ 31ಕ್ಕೆ ತೆಗೆಯುತ್ತಿದ್ದೇನೆ. ಸೇಲ್ಸ್‌ನವರಿಗೆ ಅಂದುಕೊಂಡು ಗಡುವಿನಿಂದ ದಿನ ಎಣಿಸಿದ್ದೇನೆ. ಆನ್ ಅಕೌಂಟ್ ದುಡ್ಡು ಬೇರೆ ಕಾಲಮ್ಮಿನಲ್ಲಿದೆ. ಮೊದಲ ಐದು ಪಾರ್ಟಿ ಮಾಡಿ ಫೋಟೋ ಹಾಕಿದ್ದೇನೆ. ಬ್ಯಾಂಕಿಗಾದರೆ ತಿಳಿಸಿ, ಬಿಲ್ ತಾರೀಖಿಗೆ ಬದಲಿಸುತ್ತೇನೆ. ಇಲ್ಲವಾದರೆ 4 ಗಂಟೆಗೆ ಇದನ್ನೇ ಮುಗಿಸುತ್ತೇನೆ.’

ಇಲ್ಲಿ ಕೆಲಸ ಮಾಡುವುದು ಆ ಐದು ಸಾಲಿನ ಫೋಟೋ. ಮಾತಿನಲ್ಲಿ ಕೇಳಿದರೆ ‘ಹ್ಞಾಂ ಹ್ಞಾಂ’ ಅಂದುಬಿಡುವವರು, ಕಣ್ಣಿಗೆ ಬಿದ್ದ ತಕ್ಷಣ ‘ಏ, ಇದಲ್ಲ, ಸೇಲ್ಸ್‌ಮನ್ ಹೆಸರು ಎಲ್ಲಿ?’ ಅನ್ನುತ್ತಾರೆ. ನಾಲ್ಕು ನೂರು ಪಾರ್ಟಿ ಮುಗಿಸಿದ ಮೇಲೆ ಈ ಮಾತು ಕೇಳಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಅಲ್ವಾ. ಕೊನೆಯ ಸಾಲೂ ಬೇಕು. ಉತ್ತರ ಬರದಿದ್ದರೂ ಕೆಲಸ ನಿಲ್ಲುವುದಿಲ್ಲ, ಆಮೇಲೆ ‘ನೀವು ಕೇಳಲೇ ಇಲ್ಲ’ ಅನ್ನುವ ಹಾಗೂ ಇಲ್ಲ. ಆದರೆ ಬ್ಯಾಂಕಿಗೆ ಹೋಗುವ ಕಾಗದಕ್ಕೆ ಹೀಗೆ ಮಾಡುವುದಿಲ್ಲ. ಅದರ ಮೇಲೆ ಅವರ ಸಹಿ ಬೀಳುತ್ತದೆ, ಅದಕ್ಕೆ ಬಾಯಿಬಿಟ್ಟು ‘ಹೂಂ’ ಅನ್ನುವವರೆಗೂ ಕಾಯುತ್ತೇನೆ.

ಕೇಳುವ ಹೊತ್ತೂ ನೋಡಬೇಕು. ಹೇಳಿದ ಒಂದು ಗಂಟೆಯೊಳಗೆ ಕೇಳಿದರೆ ಕೆಲಸ ಶುರು ಮಾಡಿದ್ದಾರೆ ಅನ್ನಿಸುತ್ತದೆ. ಅದೇ ಪ್ರಶ್ನೆ ಸಂಜೆ ಐದಕ್ಕೆ ಹೋದರೆ, ಇಷ್ಟು ಹೊತ್ತು ಏನು ಮಾಡುತ್ತಿದ್ದರು ಅನ್ನಿಸುತ್ತದೆ. ಬಿಡಿಬಿಡಿಯಾಗಿ ನಾಲ್ಕು ಸಲ ಬಾಗಿಲು ತಟ್ಟುವುದೂ ಬೇಡ.

ಕೆಲವು ಸಲ ಏನು ಕೇಳಿದರೂ ‘ಎರಡೂ ಮಾಡಿಬಿಡಿ’ ಅಂತ ಬರುತ್ತದೆ. ಅಂದರೆ ಸಾಮಾನ್ಯವಾಗಿ ಅವರಿಗೂ ಮೇಲಿನಿಂದ ಅಷ್ಟೇ ಮಾತು ಬಂದಿರುತ್ತದೆ. ಆಗ ಅವರನ್ನು ಇನ್ನೂ ಹಿಂಡುವುದಿಲ್ಲ. ‘ಸರ್, ದೊಡ್ಡ ಸಾಹೇಬರಿಗೆ ಎರಡರದ್ದೂ ಐದೈದು ಸಾಲು ಕಳಿಸೋಣ, ಅವರು ಹೇಳಿದ್ದನ್ನು ಪೂರ್ತಿ ಮಾಡುತ್ತೇನೆ’ ಅನ್ನುತ್ತೇನೆ. ಆ ಸ್ಯಾಂಪಲ್ ಅವರೇ ತಮ್ಮ ಫೋನಿನಿಂದ ಫಾರ್ವರ್ಡ್ ಮಾಡುತ್ತಾರೆ.